ಭಾವಚಿತ್ರದ ಅಡಿಯಲ್ಲಿ ಕನ್ನಡದ ಹೆಸರು

ಚೌಕಟ್ಟು ಹಾಕಿಸುವ ಭಾವಚಿತ್ರದ ಕೆಳಗೆ ಹೆಸರನ್ನೂ ಜನನ ಮರಣಗಳ ದಿನಾಂಕಗಳನ್ನೂ ಮೂಡಿಸುವ ಕೆಲಸ ಇಂದು ಬಹುಮಟ್ಟಿಗೆ ಸ್ಟುಡಿಯೋಗಳ ಫೋಟೋಶಾಪ್‌ನಲ್ಲಿ ನಡೆಯುತ್ತದೆ. ಅಲ್ಲಿ ಕನ್ನಡ ಕೆಡುವುದು ಹೆಚ್ಚಾಗಿ ಕಾಗುಣಿತ ತಿಳಿಯದ್ದರಿಂದಲ್ಲ, ತಂತ್ರಾಂಶವು ಅಕ್ಷರಗಳನ್ನು ಕೂಡಿಸುವ ಬಗೆಯಿಂದ ಎಂಬುದು ಈ ಕೆಲಸದಲ್ಲಿ ಪಳಗಿದವರ ಅನುಭವ. ಡಾ. ರಾಜ್‌ಕುಮಾರ್ ಅವರ ಭಾವಚಿತ್ರಕ್ಕೆ ಬೇಕಾಗುವ ಮೂರು ಸಾಲುಗಳಲ್ಲಿ ಈ ತೊಡಕುಗಳು ಬಹುಪಾಲು ಎದುರಾಗುವುದರಿಂದ, ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಬಹುದು.

ಡಾ. ರಾಜ್‌ಕುಮಾರ್
ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ್
ಜನನ: 24-4-1929   ಮರಣ: 12-4-2006

ಎರಡನೆಯ ಸಾಲಿನಲ್ಲಿ ಒತ್ತಕ್ಷರಗಳು, ಅಂದರೆ ಮೂಲಾಕ್ಷರದ ಕೆಳಗೋ ಬಲಬದಿಗೋ ಕೂರುವ ಎರಡನೆಯ ವ್ಯಂಜನದ ರೂಪಗಳು, ಐದು ಕಡೆ ಬರುತ್ತವೆ. ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಚಾಲೂ ಇಲ್ಲದಿದ್ದರೆ ಫೋಟೋಶಾಪ್ ಆ ಸಾಲಿನ ನಡುವಿನ ಪದವನ್ನು ‘ಪುಟ್‌ಟಸ್‌ವಾಮಯ್‌ಯ’ ಎಂದು ಬಿಡಿಬಿಡಿಯಾಗಿ ತೋರಿಸುತ್ತದೆ. ಪ್ರತಿಯೊಂದು ಅಕ್ಷರವೂ ಸರಿಯಾಗಿಯೇ ಕಾಣುವುದರಿಂದ ಕನ್ನಡ ಓದಲು ಬಾರದ ಕೆಲಸಗಾರನಿಗೆ ತಪ್ಪು ಗೊತ್ತಾಗುವುದೇ ಇಲ್ಲ. ಈ ಆಯ್ಕೆ ಇರುವ ಆವೃತ್ತಿಗಳಲ್ಲಿ `Preferences` ಒಳಗಿನ `Type` ವಿಭಾಗದಲ್ಲಿ `World-Ready Layout` ಆರಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಹೊಸ ಕಡತದಲ್ಲಿ ಕೆಲಸ ಆರಂಭಿಸಿದರೆ ಒತ್ತುಗಳು ತಮ್ಮ ಜಾಗಕ್ಕೆ ಇಳಿಯುತ್ತವೆ. ಕೆಲವು ಹಳೆಯ ಆವೃತ್ತಿಗಳಲ್ಲಿ ಇದೇ ಆಯ್ಕೆ `Middle Eastern and South Asian` ಎಂಬ ಹೆಸರಿನಲ್ಲಿದೆ.

ಈ ತೊಂದರೆಯನ್ನು ತಪ್ಪಿಸಿಕೊಳ್ಳಲು ಅನೇಕರು ಇಂದಿಗೂ ನುಡಿಯ ಹಳೆಯ ಆಸ್ಕಿ ಅಕ್ಷರವಿನ್ಯಾಸಗಳನ್ನು, ಅಂದರೆ ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್‌ಗಳನ್ನು, ಬಳಸುತ್ತಾರೆ. ತುಣುಕುಗಳು ಒಂದರ ಪಕ್ಕ ಒಂದು ನಿಂತು ಅಕ್ಷರವಾಗುವುದರಿಂದ ಇಲ್ಲಿ ಜೋಡಣೆಯ ವ್ಯವಸ್ಥೆಯ ಹಂಗಿಲ್ಲ, ಫಲಿತಾಂಶವೂ ಚೆನ್ನಾಗಿಯೇ ಇರುತ್ತದೆ. ಆದರೆ ಅದೇ ಕಡತವನ್ನು ಆ ಫಾಂಟ್ ಇಲ್ಲದ ಲ್ಯಾಬಿನಲ್ಲಿ ತೆರೆದು ಪಠ್ಯವನ್ನು ಮುಟ್ಟಿದರೆ ‘ಕನ್ನಡ’ ಎಂಬ ಪದ `PÀ£ÀßqÀ` ಆಗಿ ಹೊರಬರುತ್ತದೆ.

ಮೊದಲ ಸಾಲಿನ ತೊಡಕು ಇದಕ್ಕೆ ವಿರುದ್ಧವಾದದ್ದು, ಏಕೆಂದರೆ ಅಲ್ಲಿ ಅಕ್ಷರಗಳು ಕೂಡಬಾರದ ಕಡೆ ಕೂಡಿಬಿಡುತ್ತವೆ. ಜ್ ಮತ್ತು ಕು ಒಂದರ ಹಿಂದೆ ಒಂದು ಬಂದಾಗ ಯೂನಿಕೋಡ್ ನಿಯಮದಂತೆ ‘ರಾಜ್ಕುಮಾರ್’ ಎಂದಾಗುತ್ತದೆ. ಅವೆರಡರ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಬಿಡಿಸುವ ಸಂಕೇತವನ್ನು (`U+200C`) ಇಟ್ಟಾಗಲೇ ಬಯಸಿದ ರೂಪ ಸಿಗುತ್ತದೆ. ಇದರ ಬದಲು ಖಾಲಿ ಜಾಗ ಬಿಟ್ಟು ‘ರಾಜ್ ಕುಮಾರ್’ ಎಂದು ಒಡೆಯುವುದು ಸುಲಭವಾದರೂ, ಮನೆಯವರು ಹೆಸರನ್ನು ಕೂಡಿಸಿ ಬರೆಯುತ್ತಿದ್ದರೆ ಹಾಗೆ ಒಡೆಯುವ ಅಧಿಕಾರ ಸ್ಟುಡಿಯೋಗೆ ಇಲ್ಲ.

ದಿನಾಂಕಗಳನ್ನು ಕನ್ನಡ ಅಂಕಿಗಳಲ್ಲೇ ಬರೆಸುವವರು ಗಮನಿಸಬೇಕಾದ ಸಂಗತಿ ಒಂದಿದೆ. ೬ ಮತ್ತು ೯ ಹತ್ತಿರದ ರೂಪಗಳಾದ್ದರಿಂದ ‘೨೦೦೬’ ಎಂಬುದು ಸಣ್ಣ ಅಳತೆಯಲ್ಲಿ, ಅದರಲ್ಲೂ ತಂತ್ರಾಂಶವೇ ಗೆರೆಯನ್ನು ಉಬ್ಬಿಸುವ ಕೃತಕ ದಪ್ಪಕ್ಷರದಲ್ಲಿ, ದೂರಕ್ಕೆ ‘೨೦೦೯’ ಎಂದು ಕಾಣಬಹುದು. ಸೊನ್ನೆಯ ಬದಲು ಅನುಸ್ವಾರವನ್ನು ಟೈಪಿಸಿದ ಉದಾಹರಣೆಗಳೂ ಇವೆ. ಎರಡೂ ದುಂಡಗಿರುವುದರಿಂದ ಅವಸರದಲ್ಲಿ ತಪ್ಪಿಹೋಗುತ್ತದೆ. ಅಂಕಿಗಳ ಆಯ್ಕೆ ಮನೆಯವರದ್ದೇ ಆದರೂ, ಎತ್ತರದ ಗೋಡೆಯಲ್ಲಿ ತೂಗುವ ಚಿತ್ರಕ್ಕೆ ರೂಢಿಯ ಅಂತರರಾಷ್ಟ್ರೀಯ ಅಂಕಿಗಳೇ ಹೆಚ್ಚು ಸುರಕ್ಷಿತ.

ಅಳತೆಯ ವಿಚಾರಕ್ಕೆ ಬಂದರೆ, 12 ಅಂಗುಲ ಅಗಲ, 18 ಅಂಗುಲ ಎತ್ತರದ ಚಿತ್ರ ಅಂಗುಲಕ್ಕೆ 300 ಬಿಂದುಗಳಂತೆ 3600 × 5400 ಪಿಕ್ಸೆಲ್ ಆಗುತ್ತದೆ. ಅದರ ಅಡಿಯಲ್ಲಿ ಬರಹಕ್ಕೆಂದು ಎರಡು ಅಂಗುಲದ ಪಟ್ಟಿ ಬಿಟ್ಟರೂ, ಚೌಕಟ್ಟಿನ ಒಳಗಾಡಿ, ಅಂದರೆ ಗಾಜು ಮತ್ತು ಚಿತ್ರದ ಅಂಚು ಕೂರುವ ಸೀಳು, ಸುಮಾರು ಕಾಲು ಅಂಗುಲವನ್ನು ನುಂಗುವುದರಿಂದ ಉಳಿಯುವುದು ಒಂದೂ ಮುಕ್ಕಾಲು ಅಂಗುಲ ಮಾತ್ರ. ಒತ್ತುಗಳು ಕೆಳಗಿನ ಸಾಲಿಗೆ ತಾಗದಿರಲು ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆಯಷ್ಟು ಇಡಬೇಕು. ಹೆಸರಿಗೆ 36, ಉಳಿದೆರಡು ಸಾಲುಗಳಿಗೆ 20 ಪಾಯಿಂಟ್ ಇಟ್ಟರೆ 54, 30, 30 ಕೂಡಿ 114 ಪಾಯಿಂಟ್ ಆಗುತ್ತದೆ. ಅಂಗುಲಕ್ಕೆ 72 ಪಾಯಿಂಟ್‌ನಂತೆ ಇದು ಒಂದೂವರೆ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು, ಇದ್ದ ಜಾಗಕ್ಕೆ ಹಿಡಿಸುತ್ತದೆ. ಹೆಸರನ್ನು 48 ಪಾಯಿಂಟಿಗೆ ಏರಿಸುವ ಆಸೆ ಬಿದ್ದರೆ, ಪಟ್ಟಿಯನ್ನೂ ದೊಡ್ಡದು ಮಾಡಬೇಕಾಗುತ್ತದೆ.

ಮುದ್ರಣಕ್ಕೆ ಕಳಿಸುವ ಮುನ್ನ ಬರಹದ ಪಟ್ಟಿಯನ್ನಷ್ಟೇ ಪೂರ್ತಿ ಅಳತೆಯಲ್ಲಿ ಸಾದಾ ಕಾಗದದ ಮೇಲೆ ತೆಗೆದು ಮನೆಯವರಿಗೆ ಕೊಟ್ಟು, ದಿನಾಂಕಗಳನ್ನು ಗಟ್ಟಿಯಾಗಿ ಓದಿಸಿ ಒಪ್ಪಿಗೆ ಪಡೆಯುವುದು ವಾಡಿಕೆಯಾಗಬೇಕು, ಏಕೆಂದರೆ ಪರದೆಯ ಮೇಲೆ ಹಿಗ್ಗಿಸಿ ನೋಡುವವರಿಗೆ ಒತ್ತುಗಳ ಇಕ್ಕಟ್ಟು ತಿಳಿಯುವುದಿಲ್ಲ. ಲ್ಯಾಬಿಗೆ ಹೋಗುವುದು ಪದರಗಳನ್ನೆಲ್ಲ ಒಂದು ಮಾಡಿದ ಜೆಪೆಗ್ ಅಥವಾ ಟಿಫ್ ಪ್ರತಿ. ಪಠ್ಯವನ್ನು ತಿದ್ದಬಹುದಾದ ಮೂಲ ಕಡತ ಸ್ಟುಡಿಯೋದಲ್ಲೇ ಉಳಿಯಬೇಕು.