ಬಡ್ಡಿಯ ಮೇಲಿನ ಬಡ್ಡಿ: ಪರೀಕ್ಷೆಗೆ ಓದುವ ಮಕ್ಕಳಿಗೊಂದು ಸುಲಭ ಲೆಕ್ಕ



ವಿಜಯನಗರದ ಕಡೆ ಓಡಾಡುವಾಗ ಕೋಚಿಂಗ್ ಸೆಂಟರ್‌ಗಳ ಬೋರ್ಡುಗಳನ್ನು ನೀವೆಲ್ಲ ನೋಡಿರುತ್ತೀರಿ. ನಮ್ಮ ಸಂಘಗಳ ಮನೆಗಳಲ್ಲೂ ಬ್ಯಾಂಕ್ ಪರೀಕ್ಷೆಗೋ ಎಫ್‌ಡಿಎಗೋ ಓದುವ ಮಕ್ಕಳಿದ್ದಾರೆ. ಅವರಿಗಾಗಿ, ಸಭೆ ಮುಗಿದ ಮೇಲೆ ಟಿವಿ ಪರದೆಯಲ್ಲಿ ತೋರಿಸುತ್ತಾ ಹೇಳಲು ಈ ಪಾಠ ಬರೆದಿದ್ದೇವೆ. ಒಬ್ಬರು ನಿಧಾನವಾಗಿ ಓದಲಿ.

ಪರದೆಯಲ್ಲಿ: ಅಸಲು 12,000 ರೂ., ಬಡ್ಡಿ ವರ್ಷಕ್ಕೆ ಶೇ. 5, ಅವಧಿ 2 ವರ್ಷ. ಚಕ್ರಬಡ್ಡಿಗೂ ಸರಳ ಬಡ್ಡಿಗೂ ವ್ಯತ್ಯಾಸ ಎಷ್ಟು?

ಹೇಳುವವರು: ಎರಡೂ ಬಡ್ಡಿಯನ್ನು ಪೂರ್ತಿ ಲೆಕ್ಕ ಹಾಕಿ ಕಳೆಯಲು ಹೋದರೆ ಹೊತ್ತು ಹಿಡಿಯುತ್ತೆ. ಸ್ವಲ್ಪ ಯೋಚಿಸೋಣ. ಮೊದಲ ವರ್ಷ ಎರಡರಲ್ಲೂ ಬಡ್ಡಿ ಒಂದೇ, 600 ರೂ. ಎರಡನೇ ವರ್ಷವೂ ಅಸಲಿನ ಮೇಲೆ 600 ಬಂದೇ ಬರುತ್ತೆ. ಚಕ್ರಬಡ್ಡಿಯಲ್ಲಿ ಮಾತ್ರ ಮೊದಲ ವರ್ಷದ ಆ 600ಕ್ಕೂ ಬಡ್ಡಿ ಬೀಳುತ್ತೆ. ವ್ಯತ್ಯಾಸ ಅಂದರೆ ಅಷ್ಟೇ.

ಪರದೆಯಲ್ಲಿ:
12,000ಕ್ಕೆ ಶೇ. 5 = 600
600ಕ್ಕೆ ಶೇ. 5 = 30
ಉತ್ತರ: 30 ರೂ.

ಹೇಳುವವರು: ತಾಳೆ ನೋಡೋಣ. ಸರಳ ಬಡ್ಡಿ ಒಟ್ಟು 1,200. ಚಕ್ರಬಡ್ಡಿಯಲ್ಲಿ 12,000 ಮೊದಲು 12,600 ಆಗಿ, ಆಮೇಲೆ 13,230 ಆಗುತ್ತೆ, ಬಡ್ಡಿ 1,230. ಸರಿಯಾಯಿತಲ್ಲ?

ತಾಯಂದಿರಿಗೆ ಇದು ಹೊಸದೇನಲ್ಲ. ಕೈಸಾಲ ಕೊಟ್ಟವರು ಕಟ್ಟದ ಬಡ್ಡಿಯನ್ನು ಅಸಲಿಗೆ ಸೇರಿಸಿ ಬರೆದುಕೊಳ್ಳುವುದನ್ನು ಕಂಡಿದ್ದೀರಿ. ತಿಂಗಳಿಗೆ ನೂರಕ್ಕೆ 2 ರೂಪಾಯಿಯಂತೆ 10,000 ತಂದು ಎರಡು ತಿಂಗಳು ಏನೂ ಕಟ್ಟದಿದ್ದರೆ, 400ರ ಜೊತೆ ಇನ್ನೂ 4 ರೂಪಾಯಿ ಕೇಳುತ್ತಾರೆ. ಆ 4 ಎಲ್ಲಿಂದ ಬಂತು? ಮೊದಲ ತಿಂಗಳ 200ಕ್ಕೆ ಬಿದ್ದ ಬಡ್ಡಿ. ಮಕ್ಕಳಿಗೆ ಹೀಗೇ ಹೇಳಿ, ಸೂತ್ರ ಬಾಯಿಪಾಠ ಮಾಡಬೇಕಿಲ್ಲ.

ಆದರೆ ಒಂದು ಎಚ್ಚರಿಕೆ. ಈ ದಾರಿ ಬಡ್ಡಿ ಎರಡೇ ಸಲ ಸೇರುವ ಲೆಕ್ಕಕ್ಕೆ ಮಾತ್ರ. ಇದೇ ಅಸಲಿಗೆ ಅವಧಿ 3 ವರ್ಷ ಅಂತ ಕೊಟ್ಟರೆ, 30 ಅನ್ನು ಮೂರರಿಂದ ಗುಣಿಸಿ 90 ಅಂತ ಗುರುತು ಹಾಕಿಬಿಡುತ್ತಾರೆ. ಸರಿಯುತ್ತರ 91 ರೂ. 50 ಪೈಸೆ. ಯಾಕೆಂದರೆ ಮೂರನೇ ವರ್ಷ ಆ 30 ರೂಪಾಯಿಗೂ ಶೇ. 5 ಬಡ್ಡಿ, ಒಂದೂವರೆ ರೂಪಾಯಿ, ಬೀಳುತ್ತೆ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಯಲ್ಲಿ ಈ ಒಂದೂವರೆ ರೂಪಾಯಿ ದುಬಾರಿ.

ಪ್ರಶ್ನೆಯಲ್ಲಿ 'ಅರ್ಧ ವರ್ಷಕ್ಕೊಮ್ಮೆ' ಅನ್ನುವ ಪದ ಇದೆಯಾ ಅಂತಲೂ ನೋಡಬೇಕು. ಇದ್ದರೆ 2 ವರ್ಷದಲ್ಲಿ ಬಡ್ಡಿ ನಾಲ್ಕು ಸಲ ಸೇರುತ್ತೆ, ಈ ದಾರಿ ನಡೆಯಲ್ಲ. ಅವಧಿ 1 ವರ್ಷವಾದರೆ ಎರಡೇ ಸಲ, ಆಗ ಶೇ. 5ರ ಬದಲು ಎರಡೂವರೆ ಹಾಕಿ: 300, ಅದರ ಮೇಲೆ 7 ರೂ. 50 ಪೈಸೆ.

ಟಿವಿ ಆರಿಸುವ ಮುಂಚೆ ಮಕ್ಕಳಿಗೆ ಇದನ್ನು ಕೊಡಿ: 8,000 ರೂ., ಶೇ. 10, 2 ವರ್ಷ. ಪೆನ್ನು ಮುಟ್ಟದೆ 80 ಅನ್ನಬೇಕು.