ತುಳಸಿಕಟ್ಟೆಗೆ ಹೊರಟ ದೀಪ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಚಿತ್ರದ ಫೋಟೋ ನಿನ್ನೆ ರಾತ್ರಿ ನೋಡಿದೆ, ಬೆಳಿಗ್ಗೆ ಎದ್ದು ಮತ್ತೆ ನೋಡಿದೆ. ಅದು ನಿನ್ನ ಅಜ್ಜಿಯ ಕೈ ಎಂದು ಯಾರೂ ಹೇಳಬೇಕಾಗಲಿಲ್ಲ. ಕಿರುಬೆರಳು ತುಸು ಒಳಕ್ಕೆ ಬಾಗಿದೆಯಲ್ಲ, ಅದು ನನ್ನ ಅಮ್ಮನದೇ. ಉಂಗುರದ ಬೆರಳಿಗೂ ನಡುಬೆರಳಿಗೂ ಮಧ್ಯೆ ದೀಪದ ಬೆಳಕು ಚರ್ಮದೊಳಗಿಂದ ಕೆಂಪಗೆ ಹಾಯ್ದು ಬಂದಿರುವ ಜಾಗದಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು.

ಕಾಲೇಜಿನ ಪ್ರದರ್ಶನದಲ್ಲಿ ಚಿತ್ರದ ಪಕ್ಕ ಅಂಟಿಸುವ ಚೀಟಿಗೆ ನೀನು ಬರೆದದ್ದನ್ನೂ ಓದಿದೆ: "ಆಶಾಕಿರಣ. ಏಳು ತಿಂಗಳ ತಪಸ್ಸು, ನೂರು ಸೋಲು, ಒಂದು ಬೆಳಕು. ವಾಟರ್ ಕಲರ್, 11 × 15." ಸರಿ ಇದೆಯಾ ದೊಡ್ಡಪ್ಪ ಎಂದು ಕೇಳಿದ್ದೀಯ. ಚಿತ್ರಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಇಂಥ ಚೀಟಿ ಬರೆದವನು ನಾನು. ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಚಿತ್ರ ನಿಂತಿದೆ, ಚೀಟಿ ಇನ್ನೂ ನಿಂತಿಲ್ಲ. ನೋಡುವವನ ಕಣ್ಣಿಗೆ ತಾನಾಗಿ ಕಾಣದ್ದನ್ನು ನಿಜವಾಗಿ ಹೇಳಿ ಸುಮ್ಮನಾಗುವುದು ಚೀಟಿಯ ಕೆಲಸ. ಒಂದೊಂದೇ ಸಾಲು ಹಿಡಿದು ನೋಡೋಣ.

ಮೊದಲು ಹೆಸರು. "ಆಶಾಕಿರಣ" ಎಂದು ನಿನಗೆ ಹೊಳೆದದ್ದು ಎಲ್ಲಿಂದ ಎಂದು ಗೊತ್ತು. ನಿನಗೆ ಹತ್ತು ವರ್ಷವಿದ್ದಾಗ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಮಹಿಳೆಯ ಚಿತ್ರದ ಮುಂದೆ ನಿನ್ನನ್ನು ನಿಲ್ಲಿಸಿದ್ದೆ. ಅದರ ಇಂಗ್ಲಿಷ್ ಹೆಸರು 'ಗ್ಲೋ ಆಫ್ ಹೋಪ್'. ನಿನ್ನ ಚಿತ್ರಕ್ಕೆ ಅದೇ ಹೆಸರನ್ನು ಕನ್ನಡ ಮಾಡಿ ಇಟ್ಟರೆ ನೋಡುವವರು ನಿನ್ನ ಚಿತ್ರ ಬಿಟ್ಟು ಆ ಚಿತ್ರವನ್ನೇ ನೆನೆಯುತ್ತಾರೆ. ಬೆಳಕು ಆಸೆಯ ಗುರುತು ಎಂಬುದು ನೋಡುವವರಿಗೆ ಮೊದಲೇ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಬೇರೆ ಇದೆ. ನಿನ್ನ ಚಿತ್ರದಲ್ಲಿ ಇರುವುದು ಒಂದು ಕೈ, ಹಿತ್ತಾಳೆಯ ದೀಪ, ಸೀರೆಯ ಸೆರಗಿನ ಒಂದು ಅಂಚು, ಉಳಿದದ್ದೆಲ್ಲ ಕತ್ತಲೆ. ಆ ಕೈ ದೀಪಕ್ಕೆ ಯಾಕೆ ಅಡ್ಡವಾಗಿದೆ? ಅಜ್ಜಿ ನಡುಮನೆಯಿಂದ ಹಿತ್ತಲ ತುಳಸಿಕಟ್ಟೆಗೆ ದೀಪ ಒಯ್ಯುತ್ತಿದ್ದಾಗ ಬಾವಿಯ ಕಡೆಯಿಂದ ಬರುತ್ತಿದ್ದ ಗಾಳಿಗೆ ಅದು ಆರದಿರಲಿ ಎಂದು. ಇದು ಚಿತ್ರದೊಳಗೆ ಇಲ್ಲ, ನಿನಗೂ ನನಗೂ ಮಾತ್ರ ಗೊತ್ತು. "ತುಳಸಿಕಟ್ಟೆಗೆ ಹೊರಟ ದೀಪ" ಎಂದು ಬರೆ. ಸಂಜೆ, ಗಾಳಿ, ನಡಿಗೆ ಮೂರೂ ಓದಿದವನಿಗೆ ಸಿಗುತ್ತವೆ. ಆಮೇಲೆ ಅವನು ಕೈಯನ್ನು ಮತ್ತೊಮ್ಮೆ ನೋಡುತ್ತಾನೆ. ಚೀಟಿ ಓದಿದ ಕಣ್ಣು ತಿರುಗಿ ಚಿತ್ರಕ್ಕೆ ಹೋಯಿತೆಂದರೆ ಹೆಸರು ಸರಿಯಾಗಿದೆ ಎಂದು ತಿಳಿ.

ಇನ್ನು ವರ್ಷ. ನೀನು ಅದನ್ನು ಬರೆದೇ ಇಲ್ಲ. ಅದು ಯಾಕೆ ಬೇಕು ಎಂಬುದಕ್ಕೆ ಜಗನ್ಮೋಹನ ಅರಮನೆಯ ಆ ಚಿತ್ರವನ್ನೇ ತೆಗೆದುಕೋ. ಅದು ರಾಜಾ ರವಿವರ್ಮನದು ಎಂದು ಇವತ್ತಿಗೂ ಎಷ್ಟೋ ಜನ ನಂಬಿದ್ದಾರೆ, ತೈಲಚಿತ್ರ ಎಂದೂ ಹೇಳುತ್ತಾರೆ. ಎರಡೂ ತಪ್ಪು. ಬರೆದವರು ಸಾವಂತವಾಡಿಯ ಎಸ್. ಎಲ್. ಹಲ್ದಣಕರ್, ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಬಳಸಿದ್ದು ಜಲವರ್ಣ. ಕಾಲ 1945–46. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆ ಒಂದು ಇಸವಿ ನೆನಪಿನಲ್ಲಿದ್ದರೆ ಸಾಕು, ನಲವತ್ತು ವರ್ಷದ ಹಿಂದೆ ಹೋದವರ ಹೆಸರು ಆ ಚಿತ್ರಕ್ಕೆ ಅಂಟುತ್ತಲೇ ಇರಲಿಲ್ಲ.

ನೀನು ಅಭ್ಯಾಸ ಶುರುಮಾಡಿದ್ದು 2024ರ ಜೂನ್‌ನಲ್ಲಿ, ಈ ಹಾಳೆ ಹಿಡಿದದ್ದು 2025ರ ಜನವರಿಯಲ್ಲಿ, ಮುಗಿಸಿದ್ದು ಒಂಬತ್ತು ದಿನದಲ್ಲಿ. ಹಾಗಾದರೆ ಚೀಟಿಯಲ್ಲಿ ಯಾವ ವರ್ಷ? 2025 ಮಾತ್ರ. ಒಂದೇ ಹಾಳೆಯ ಮೇಲೆ ಎರಡು ವರ್ಷ ಕೆಲಸ ನಡೆದಿದ್ದರೆ "2024–25" ಎನ್ನಬಹುದಿತ್ತು. ಚೀಟಿ ಹೇಳುವುದು ಗೋಡೆಯ ಮೇಲಿರುವ ಹಾಳೆಯ ವಯಸ್ಸನ್ನು, ನಿನ್ನ ಕಲಿಕೆಯ ವಯಸ್ಸನ್ನಲ್ಲ.

ಮಾಧ್ಯಮದ ಸಾಲಿನಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಗಾಜು ಹಾಕಿದ ಒಂದು ಚಿತ್ರ ಬಂತು. ಗಾಢ ಬಣ್ಣ, ಮಿರುಗುವ ಕಪ್ಪು. ಚೌಕಟ್ಟು ಬಿಚ್ಚದೆ "ತೈಲವರ್ಣ" ಎಂದು ಬರೆದೆ. ಮೂರು ವರ್ಷದ ನಂತರ ಗಾಜು ಒರೆಸಲು ಬಿಚ್ಚಿದಾಗ ನೋಡಿದರೆ ಕಾಗದ. ಬಣ್ಣ ಒಣಗಿದ ಅಂಚಿನಲ್ಲಿ ಸಣ್ಣ ಗಾಢ ಗೆರೆ ನಿಂತಿತ್ತು, ನೀಲಿಯ ಕಣಗಳು ಕಾಗದದ ತಗ್ಗುಗಳಲ್ಲಿ ಕುಳಿತಿದ್ದವು, ಬಿಳಿ ಎಂದುಕೊಂಡದ್ದು ಬಣ್ಣ ತಾಗದೆ ಉಳಿದ ಕಾಗದವಾಗಿತ್ತು. ಈ ಮೂರೂ ಜಲವರ್ಣದ ಗುರುತುಗಳು. ಆ ಮೂರು ವರ್ಷ ಅದರ ಮುಂದೆ ನಿಂತ ಎಲ್ಲರಿಗೂ ನಾನು ಸುಳ್ಳು ಹೇಳಿದ್ದೆ. ಅಂದಿನಿಂದ ಕಣ್ಣಾರೆ ನೋಡದೆ ಮಾಧ್ಯಮ ಬರೆದಿಲ್ಲ.

ನಿನ್ನ ಸಾಲಿನಲ್ಲೂ ಒಂದು ಕೊರತೆ ಇದೆ. ದೀಪದ ಕುಡಿಯ ತುದಿಯಲ್ಲಿ ಬಿಳಿ ಉಳಿಸಲಾಗದೆ ಕೊನೆಯ ದಿನ ಬಿಳಿ ಗುವಾಶ್ ಹಚ್ಚಿದೆ ಎಂದು ನೀನೇ ಫೋನಿನಲ್ಲಿ ಹೇಳಿದ್ದೆ. ಜಲವರ್ಣದಲ್ಲಿ ಬೆಳಕು ಎಂದರೆ ಉಳಿಸಿದ ಕಾಗದ, ಗುವಾಶ್ ಎಂದರೆ ಮೇಲಿಂದ ಇಟ್ಟ ಬಿಳಿ. ಹಾಗೆ ಇಟ್ಟದ್ದು ತಪ್ಪಲ್ಲ, ಬಹಳ ಮಂದಿ ಇಡುತ್ತಾರೆ. ಬರೆಯದೆ ಬಿಟ್ಟರೆ ಮಾತ್ರ ತಪ್ಪು. ಬೆರಳಿನ ಮಧ್ಯದ ಬೆಳಕು ನಿಜವಾಗಿ ಉಳಿಸಿದ ಕಾಗದ, ಅಲ್ಲಿ ನೀನು ಗೆದ್ದಿದ್ದೀಯ. ಕುಡಿಯ ತುದಿ ಮೇಲಿಂದ ಇಟ್ಟದ್ದು. ಬಲ್ಲವರು ಹತ್ತಿರ ಬಂದು ನೋಡಿದರೆ ಎರಡೂ ಗೊತ್ತಾಗುತ್ತವೆ. "ಕಾಗದದ ಮೇಲೆ ಜಲವರ್ಣ, ತುಸು ಬಿಳಿ ಗುವಾಶ್" ಎಂದು ಬರೆ. ಕುಡಿಯ ವಿಷಯದಲ್ಲಿ ನಿಜ ಹೇಳಿದವಳನ್ನು ಬೆರಳಿನ ವಿಷಯದಲ್ಲೂ ನಂಬುತ್ತಾರೆ.

ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಚಿತ್ರಶಾಲೆಗಳಲ್ಲಿ ಹಾಗೆಯೇ ಓದುತ್ತಾರೆ. "11 × 15" ಎಂದು ಕಂಡರೆ ಅಡ್ಡ ಚಿತ್ರ ಎಂದುಕೊಳ್ಳುತ್ತಾರೆ, ನಿನ್ನದು ಉದ್ದ ಚಿತ್ರ. ಇಂಚೋ ಸೆಂಟಿಮೀಟರೋ ಎಂದೂ ನೀನು ಹೇಳಿಲ್ಲ. ಅದಕ್ಕಿಂತ ಮುಖ್ಯವಾದದ್ದು, ನೀನು ಅಳೆದದ್ದು ಹಾಳೆಯನ್ನು. ಹಾಳೆ ಸುಮಾರು 38 × 28 ಸೆಂ.ಮೀ. ಇದ್ದರೂ ಸುತ್ತ ಟೇಪು ಅಂಟಿಸಿ ಬಿಟ್ಟ ಬಿಳಿ ಅಂಚು ಮೌಂಟಿನ ಕೆಳಗೆ ಹೋಗುತ್ತದೆ. ಬಣ್ಣ ಇರುವ ಭಾಗವನ್ನು ಸ್ಕೇಲಿಟ್ಟು ಅಳೆ. ನೀನು ಕಳಿಸಿದ ಲೆಕ್ಕದಂತೆ ನಾಲ್ಕೂ ಕಡೆ ಒಂದೂಕಾಲು ಸೆಂಟಿಮೀಟರ್ ಬಿಟ್ಟಿದ್ದರೆ ಅದು 35.5 × 25.5 ಸೆಂ.ಮೀ. ಆಗುತ್ತದೆ. ಚೌಕಟ್ಟಿನ ಅಳತೆಯನ್ನಂತೂ ಬರೆಯಲೇಬೇಡ. ಇವತ್ತಿನ ಚೌಕಟ್ಟು ನಾಳೆ ಬದಲಾಗುತ್ತದೆ.

ಈಗ ನಿನಗೆ ಎಲ್ಲಕ್ಕಿಂತ ಪ್ರಿಯವಾದ ಸಾಲಿಗೆ ಬರುತ್ತೇನೆ. "ಏಳು ತಿಂಗಳ ತಪಸ್ಸು, ನೂರು ಸೋಲು." ಇದನ್ನು ಹೊಡೆದುಹಾಕು ಎನ್ನಲು ನನಗೆ ಸಂಕಟವಾಗುತ್ತದೆ. ನಿನ್ನ ಏಳು ತಿಂಗಳನ್ನು ನಾನು ಹತ್ತಿರದಿಂದ ಬಲ್ಲೆ. ಮೊದಲ ತಿಂಗಳಿಡೀ ಕತ್ತಲೆಯ ಬಣ್ಣವೊಂದನ್ನೇ ಕಲಸಿದೆ. ಕಪ್ಪು ಟ್ಯೂಬು ಬಿಟ್ಟು ನೀಲಿಯನ್ನೂ ಕಂದನ್ನೂ ಸೇರಿಸಿ ಕಪ್ಪು ತರಿಸಿದೆ. ಅಕ್ಟೋಬರ್‌ನಲ್ಲಿ ಹಾಳೆ ಪೂರ್ತಿ ಒಣಗುವ ಮೊದಲೇ ಎರಡನೇ ಪದರ ಹಚ್ಚಿ, ಹೂಕೋಸಿನ ಅಂಚಿನಂಥ ಕಲೆಗಳು ಎದ್ದು ಅತ್ತೆ. ಆಮೇಲೆ ಅಂಗೈಯ ಹಿಂಬದಿಯನ್ನು ಹಾಳೆಗೆ ತಾಗಿಸಿ, ತಣ್ಣಗಿದ್ದರೆ ಇನ್ನೂ ಹಸಿ ಎಂದು ತಿಳಿಯಲು ಕಲಿತೆ. ಇದೆಲ್ಲ ನಿಜ. ಆದರೆ "ತಪಸ್ಸು" ಎಂಬುದು ನೋಡುವವರು ನಿನಗೆ ಕೊಡಬೇಕಾದ ಮಾತು, ನೀನೇ ಬರೆದುಕೊಂಡರೆ ಅವರಿಗೆ ಕೊಡಲು ಏನೂ ಉಳಿಯುವುದಿಲ್ಲ. "ನೂರು ಸೋಲು" ಲೆಕ್ಕವೂ ಅಲ್ಲ. ನೀನು ಎಣಿಸಿ ಇಟ್ಟ ಹಾಳೆಗಳು 41.

ಅಕ್ಬರನ ಕಾಲದ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಹೆಸರು ಅಬುಲ್ ಹಸನ್, ಚಿತ್ರಕಾರ ಆಕಾ ರಿಜಾನ ಮಗ. ಜರ್ಮನಿಯ ಡ್ಯೂರರ್ ಕೊರೆದ ಒಂದು ಮುದ್ರಣಚಿತ್ರದಿಂದ ಸಂತ ಯೋಹಾನನ ಆಕೃತಿಯೊಂದನ್ನೇ ಆರಿಸಿ 1600ರ ಸುಮಾರಿಗೆ ರೇಖೆಯಲ್ಲಿ ಬರೆದ. ಆ ಹಾಳೆ ಈಗ ಆಕ್ಸ್‌ಫರ್ಡ್‌ನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ತನ್ನ ಹೆಸರು, ತಂದೆಯ ಹೆಸರು ಹಾಕಿ, ಹದಿಮೂರನೇ ವಯಸ್ಸಿನ ಕೆಲಸ ಎಂದು ಅದರ ಮೇಲೇ ಬರೆದಿಟ್ಟಿದ್ದಾನೆ. ಆ ಬಟ್ಟೆಯ ಮಡಿಕೆಗಳನ್ನು ನೋಡಿ, ಆಮೇಲೆ ವಯಸ್ಸು ಓದಿದರೆ ಬಾಯಿಂದ ಮಾತು ಹೊರಡುವುದಿಲ್ಲ. ತನ್ನ ಕಷ್ಟವನ್ನು ಆ ಹುಡುಗ ವರ್ಣಿಸಲಿಲ್ಲ, ವಯಸ್ಸೊಂದನ್ನು ಹೇಳಿದ. ನಾನೂರು ವರ್ಷವಾದರೂ ಅದು ಕೆಲಸ ಮಾಡುತ್ತಲೇ ಇದೆ.

ನಿನಗೂ ಅಂಥದ್ದೊಂದು ವಿಷಯ ಇದೆ. ಅದನ್ನು ಒಂದೇ ಸಾಲಿನಲ್ಲಿ, ವಿಶೇಷಣ ಹಚ್ಚದೆ ಇಡು. ನಿನ್ನ ಚೀಟಿ ಹೀಗಿರಲಿ. ಮೇಲೆ ನಿನ್ನ ಹೆಸರು. ಕೆಳಗೆ:

ತುಳಸಿಕಟ್ಟೆಗೆ ಹೊರಟ ದೀಪ
2025
ಕಾಗದದ ಮೇಲೆ ಜಲವರ್ಣ, ತುಸು ಬಿಳಿ ಗುವಾಶ್
35.5 × 25.5 ಸೆಂ.ಮೀ.
ಬೆರಳುಗಳ ನಡುವಿನ ಬೆಳಕಿಗಾಗಿ 41 ಹಾಳೆಗಳಲ್ಲಿ ಅಭ್ಯಾಸ ನಡೆದಿದೆ, ಇದು 42ನೆಯದು.

ಕೊನೆಯ ಸಾಲು ಓದಿದವನು ಬೆರಳುಗಳ ನಡುವೆಯೇ ನೋಡುತ್ತಾನೆ. ನಿನ್ನ ಏಳು ತಿಂಗಳು ಇರುವುದೂ ಅಲ್ಲೇ.

ಚೌಕಟ್ಟಿಗೆ ಕೊಡುವ ಮೊದಲು ಇನ್ನೊಂದು ಕೆಲಸ ಉಳಿದಿದೆ. ಗೋಡೆಯ ಚೀಟಿ ಪ್ರದರ್ಶನ ಮುಗಿದ ದಿನ ಕಸಕ್ಕೆ ಹೋಗುತ್ತದೆ, ಹಾಳೆಯ ಬೆನ್ನು ಉಳಿಯುತ್ತದೆ. ಚಿತ್ರವನ್ನು ಸ್ವಚ್ಛ ಕಾಗದದ ಮೇಲೆ ಮಗುಚಿ, ಹಿಂಬದಿಯಲ್ಲಿ ಕೆಳಗಿನ ಬಿಳಿ ಅಂಚಿನ ಜಾಗದಲ್ಲಿ 2ಬಿ ಪೆನ್ಸಿಲ್ಲಿನಿಂದ ಒತ್ತದೆ ಬರೆ. ಬಾಲ್‌ಪೆನ್ನು ಬೇಡ, ಅದರ ಗೀರು ಮುಂದಕ್ಕೆ ಉಬ್ಬಿ ಕಾಣುತ್ತದೆ. ಸ್ಕೆಚ್ ಪೆನ್ನಿನ ಶಾಯಿ ಕಾಗದದೊಳಗೆ ಹಬ್ಬಿ ಮುಂದಿನ ಬದಿಗೆ ಬರಬಹುದು. ಚೀಟಿಯ ಸಾಲುಗಳ ಜೊತೆ ನೀನು ಬಳಸಿದ ಬಣ್ಣಗಳ ಹೆಸರನ್ನೂ ಸೇರಿಸು. ಬೆರಳಿನ ಕೆಂಪಿಗೆ ಅಲಿಜರಿನ್ ಕ್ರಿಮ್ಸನ್ ಹಾಕಿದ್ದೇನೆ ಎಂದಿದ್ದೆ. ಅದು ಬೆಳಕಿಗೆ ಬಿಳಚುವ ಬಣ್ಣ. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ನೀನು ಉಳಿಸಿಕೊಂಡ ಕೆಂಪೇ ಮೊದಲು ಹೋಗುತ್ತದೆ. ಬೆನ್ನಿನಲ್ಲಿ ಆ ಹೆಸರಿದ್ದರೆ ಮುಂದೆ ಈ ಚಿತ್ರ ಯಾರ ಕೈಗೆ ಬಂದರೂ ಅವರು ಅದನ್ನು ನೆರಳಿನಲ್ಲಿ ಇಡುತ್ತಾರೆ.

ಚಿತ್ರದಲ್ಲಿರುವುದು ಯಾರ ಕೈ ಎಂಬುದನ್ನೂ ಅಲ್ಲೇ ಬರೆ. ಗೋಡೆಯ ಚೀಟಿಗೆ ಅದು ಬೇಡ, ಬೆನ್ನಿಗೆ ಬೇಕು. ಗೀತಾ ಎಂಬ ಮಗಳ ಹೆಸರು ಉಳಿದದ್ದಕ್ಕೆ ಮೈಸೂರಿನ ಆ ದೀಪ ಯಾರ ಮನೆಯದು ಎಂದು ನಮಗೆ ತಿಳಿದಿದೆ. ನಿನ್ನ ಅಜ್ಜಿಯ ಹೆಸರನ್ನು ಪೂರ್ತಿಯಾಗಿ, ಊರಿನ ಹೆಸರಿನೊಂದಿಗೆ ಬರೆದಿಡು ಮಗಳೇ. ಚೌಕಟ್ಟಿನವನು ಬರುವುದು ಶನಿವಾರ ಎಂದಿದ್ದೀಯ. ಶುಕ್ರವಾರ ರಾತ್ರಿಯೊಳಗೆ ಮುಗಿಸು.

ನಿನ್ನ
ದೊಡ್ಡಪ್ಪ