ಆಫೀಸಿನಲ್ಲಿ ತೆರೆಯುವ ಖಾತೆ ಮನೆಯಲ್ಲಿ ಏಕೆ ತೆರೆಯುವುದಿಲ್ಲ?

ಜತ್ತ ತಾಲ್ಲೂಕಿನ ಪತಸಂಸ್ಥೆಗಳು, ಒಣದ್ರಾಕ್ಷಿ ವ್ಯಾಪಾರಿಗಳು ಮತ್ತು ಕೆಲವು ಶಾಲೆಗಳ ಕಂಪ್ಯೂಟರ್, ನೆಟ್ ಸಂಪರ್ಕ ನೋಡಿಕೊಳ್ಳುವುದು ನನ್ನ ಕೆಲಸ. ಮಾರ್ಚ್ ಕೊನೆ ಬಂತೆಂದರೆ ಒಂದೇ ದೂರು ಮತ್ತೆ ಮತ್ತೆ ಕೇಳುತ್ತೇನೆ. ಲೆಕ್ಕ ಮುಗಿದಿರುವುದಿಲ್ಲ, ಗುಮಾಸ್ತರು ಸಂಜೆ ಬಸ್ ಹಿಡಿದು ಉಮದಿಗೋ ಸಂಖಕ್ಕೋ ಹೋಗಿ, ಊಟ ಮುಗಿಸಿ ಲ್ಯಾಪ್‌ಟಾಪ್ ತೆರೆಯುತ್ತಾರೆ. ಖಾತೆ ಒಳಗೆ ಬಿಡುವುದಿಲ್ಲ. ಇಂಥ ಒಂದು ಪತಸಂಸ್ಥೆಯ ಪ್ರಕರಣವನ್ನು ಮುಂದಿಟ್ಟುಕೊಂಡು ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ. ಇಲ್ಲಿ ಉದಾಹರಣೆಗೆ ಕೊಟ್ಟ ಹೊರ ಐಪಿ ವಿಳಾಸಗಳು ನಿಜವಾದವಲ್ಲ, ಉದಾಹರಣೆಗೆಂದೇ ಮೀಸಲಿಟ್ಟವು.

1. ಪಾಸ್‌ವರ್ಡ್ ಬದಲಿಸಲು ಹೋಗಬೇಡಿ

"ಅಣ್ಣಾರ, ಆಫೀಸಿನ್ಯಾಗ ಛಲೋ ಆಗತೈತ್ರಿ, ಮನ್ಯಾಗ ಪಾಸ್‌ವರ್ಡ್ ತಪ್ಪೈತಿ ಅಂತದ್ರಿ" ಎಂದು ಆ ಪತಸಂಸ್ಥೆಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳೊಬ್ಬಳು ರಾತ್ರಿ ಫೋನ್ ಮಾಡಿದಳು. ಅಷ್ಟರಲ್ಲಾಗಲೇ ಬೇರೆ ಬೇರೆ ಪಾಸ್‌ವರ್ಡ್ ಹಾಕಿ ನೋಡಿದ್ದಳು. ಮರುದಿನ ಬೆಳಿಗ್ಗೆ ಆಫೀಸಿನಲ್ಲೂ ಖಾತೆ ತೆರೆಯಲಿಲ್ಲ. ತಪ್ಪು ಪ್ರಯತ್ನಗಳು ಮಿತಿ ಮೀರಿದ್ದರಿಂದ ಸಾಫ್ಟ್‌ವೇರ್ ಅವಳ ಖಾತೆಗೇ ಬೀಗ ಹಾಕಿತ್ತು. ಇದ್ದ ಒಂದು ತೊಂದರೆ ಎರಡಾಯಿತು.

ಪರದೆಯ ಮೇಲಿನ ಸಂದೇಶವನ್ನು ಪೂರ್ತಿ ನಂಬುವಂತಿಲ್ಲ. ಎಷ್ಟೋ ಸಾಫ್ಟ್‌ವೇರುಗಳು ಬಳಕೆದಾರರ ಹೆಸರು ತಪ್ಪಿರಲಿ, ಪಾಸ್‌ವರ್ಡ್ ತಪ್ಪಿರಲಿ, ಬಂದ ಜಾಲವೇ ಒಪ್ಪಿಗೆಯಿಲ್ಲದ್ದಾಗಿರಲಿ, ಒಂದೇ ಉತ್ತರ ಕೊಡುತ್ತವೆ. ಕದಿಯಲು ಬಂದವನಿಗೆ ಯಾವುದು ಸರಿಹೋಯಿತು, ಯಾವುದು ಹೋಗಲಿಲ್ಲ ಎಂಬ ಸುಳಿವು ಸಿಗಬಾರದೆಂದು ಹೀಗೆ ಮಾಡಿರುತ್ತಾರೆ. ನಿಜವಾದ ಕಾರಣ ಸರ್ವರ್ ಕಡೆಯ ಲಾಗಿನಲ್ಲಿ ಮಾತ್ರ ಇರುತ್ತದೆ. ಆಫೀಸಿನಲ್ಲಿ ಅದೇ ಪಾಸ್‌ವರ್ಡ್ ಅದೇ ದಿನ ನಡೆದಿದ್ದರೆ ಅದು ಸರಿಯಾಗಿಯೇ ಇದೆ. ಅದನ್ನು ಮುಟ್ಟಬೇಡಿ.

2. ಒಂದನ್ನೇ ಬದಲಿಸಿ ಪರೀಕ್ಷಿಸಿ

ಆಫೀಸಿನಿಂದ ಮನೆಗೆ ಹೋದಾಗ ಎರಡು ಸಂಗತಿ ಒಟ್ಟಿಗೆ ಬದಲಾಗುತ್ತವೆ: ಕಂಪ್ಯೂಟರೂ ಬದಲು, ನೆಟ್ಟೂ ಬದಲು. ಯಾವುದರಿಂದ ತೊಂದರೆ ಎಂದು ತಿಳಿಯಬೇಕಾದರೆ ಮನೆಗೆ ಹೋಗುವ ಅಗತ್ಯವೇ ಇಲ್ಲ. ಖಾತೆಯ ಬೀಗ ತೆಗೆಸಿದ ಮೇಲೆ ಅವಳ ಮನೆಯ ಲ್ಯಾಪ್‌ಟಾಪನ್ನೇ ಆಫೀಸಿಗೆ ತರಿಸಿದೆ. ಆಫೀಸಿನ ವೈಫೈ ಹಿಡಿಸಿ ಲಾಗಿನ್ ಮಾಡಿಸಿದೆ, ತೆರೆಯಿತು. ಲಾಗೌಟ್ ಮಾಡಿಸಿ, ವೈಫೈ ಬಿಡಿಸಿ, ಅವಳದೇ ಮೊಬೈಲಿನ ಹಾಟ್‌ಸ್ಪಾಟ್ ಹಿಡಿಸಿದೆ. ಅದೇ ಕುರ್ಚಿ, ಅದೇ ಲ್ಯಾಪ್‌ಟಾಪ್, ಅದೇ ಪಾಸ್‌ವರ್ಡ್. ತೆರೆಯಲಿಲ್ಲ. ಆಗ ಜಾಲದ ತಡೆ ಎಂಬುದು ಖಚಿತವಾಯಿತು.

ನಡುವೆ ಲಾಗೌಟ್ ಮಾಡುವುದನ್ನು ಮರೆಯಬಾರದು. ಕೆಲವು ಸಾಫ್ಟ್‌ವೇರುಗಳು ವಿಳಾಸವನ್ನು ಲಾಗಿನ್ ಹೊತ್ತಿನಲ್ಲಿ ಮಾತ್ರ ನೋಡುತ್ತವೆ, ಕೆಲವು ಪ್ರತಿ ಪುಟಕ್ಕೂ ನೋಡುತ್ತವೆ. ಮೊದಲನೆಯ ಬಗೆಯದಾದರೆ ಆಫೀಸಿನಲ್ಲಿ ತೆರೆದಿಟ್ಟ ಖಾತೆ ಹಾಟ್‌ಸ್ಪಾಟಿಗೆ ಬಂದ ಮೇಲೂ ನಡೆಯುತ್ತಲೇ ಇರುತ್ತದೆ, ನಮ್ಮ ಪರೀಕ್ಷೆ ದಾರಿ ತಪ್ಪುತ್ತದೆ.

ತಡೆಯ ರೀತಿಯನ್ನೂ ಗಮನಿಸಿ. ಲಾಗಿನ್ ಪುಟ ಬಂದು, ಹೆಸರು ಹಾಕಿದ ಮೇಲೆ ನಿರಾಕರಿಸಿದರೆ ಖಾತೆಯ ಮೇಲೆ ಮಿತಿ ಇದೆ ಎಂದರ್ಥ. ಪುಟವೇ ಬರದೆ ಸುತ್ತಿ ಸುತ್ತಿ ಕೊನೆಗೆ ಸಮಯ ಮೀರಿದರೆ ಸರ್ವರ್ ಮುಂದಿನ ಫೈರ್‌ವಾಲ್ ತಡೆದಿರುವ ಸಂಭವ ಹೆಚ್ಚು. ಈ ಎರಡು ಸಂದರ್ಭಗಳಲ್ಲಿ ಕೇಳಬೇಕಾದ್ದು ಬೇರೆ ಬೇರೆ.

3. ಡೇಟಾಬೇಸಿಗೆ ನೇರ ಹೋಗುವವರು ಎರಡು ಸಂದೇಶಗಳ ವ್ಯತ್ಯಾಸ ತಿಳಿದಿರಲಿ

ಅದೇ ಸಂಸ್ಥೆಯಲ್ಲಿ ವರದಿ ತೆಗೆಯುವ ಒಂದು ಸಾಧನ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ನೇರವಾಗಿ ಹೋಗುತ್ತಿತ್ತು. ಮೈಎಸ್‌ಕ್ಯೂಎಲ್‌ನಲ್ಲಿ ಖಾತೆ ಎಂದರೆ ಹೆಸರೊಂದೇ ಅಲ್ಲ, ಹೆಸರು ಮತ್ತು ಅದು ಬರಬಹುದಾದ ವಿಳಾಸ ಎರಡೂ ಸೇರಿ ಒಂದು ಖಾತೆ. ಹಾಗಾಗಿ ಅಲ್ಲಿ ಹೀಗೆ ಕಾಣಿಸುತ್ತದೆ:

```
ERROR 1130 (HY000): Host '203.0.113.45' is not allowed to connect to this MySQL server
ERROR 1045 (28000): Access denied for user 'hishob'@'203.0.113.45' (using password: YES)
```

ಮೊದಲನೆಯದರಲ್ಲಿ ಗೊಂದಲವಿಲ್ಲ: ಆ ವಿಳಾಸದಿಂದ ಬರಲು ಯಾವ ಖಾತೆಗೂ ಅನುಮತಿಯಿಲ್ಲ. ಮೋಸ ಮಾಡುವುದು ಎರಡನೆಯದು. ನೋಡಿದವರೆಲ್ಲ ಪಾಸ್‌ವರ್ಡ್ ತಪ್ಪು ಎಂದೇ ಓದುತ್ತಾರೆ. ಆದರೆ ಆ ವಿಳಾಸಕ್ಕೆ ಬೇರೆ ಯಾವುದೋ ಖಾತೆ ಹೊಂದುತ್ತಿದ್ದು, `hishob` ಮಾತ್ರ ಆಫೀಸಿನ ವಿಳಾಸಕ್ಕೇ ಸೀಮಿತವಾಗಿದ್ದರೂ ಪಾಸ್‌ವರ್ಡ್ ಸರಿಯಿದ್ದಾಗಲೇ ಇದೇ 1045 ಬರುತ್ತದೆ. ಕಣ್ಣು ಹೋಗಬೇಕಾದ್ದು `@` ನಂತರದ ವಿಳಾಸದ ಮೇಲೆ.

4. ಉಮದಿಯ ವಿಳಾಸ ಎಂಬುದೊಂದು ಇಲ್ಲ

ಗಡಿ ಊರುಗಳಲ್ಲಿ ಒಂದು ನಂಬಿಕೆ ಬಲವಾಗಿದೆ: ಫೋನು ವಿಜಯಪುರ ಕಡೆಯ ಟವರ್ ಹಿಡಿಯಿತು, ಅದಕ್ಕೇ ಮಹಾರಾಷ್ಟ್ರದ ಖಾತೆ ತೆರೆಯಲಿಲ್ಲ ಎಂದು. ನಮ್ಮ ಸಿಬ್ಬಂದಿಯೂ ಹಾಗೆಯೇ ಹೇಳಿದರು, ಟವರ್ ಬದಲಿಸಲು ಮಾಳಿಗೆ ಹತ್ತಿದವರೂ ಇದ್ದರು. ಆದರೆ ಸರ್ವರಿಗೆ ಟವರ್ ಕಾಣುವುದೇ ಇಲ್ಲ. ಮೊಬೈಲಿನ ಡೇಟಾ ಟವರ್ ದಾಟಿ, ಕಂಪನಿಯ ಯಾವುದೋ ದೊಡ್ಡ ಊರಿನ ಗೇಟ್‌ವೇ ಮೂಲಕ ಹೊರಬೀಳುತ್ತದೆ. ಸರ್ವರಿಗೆ ಕಾಣುವುದು ಆ ಗೇಟ್‌ವೇ ವಿಳಾಸ. ನೀವು ಉಮದಿಯಲ್ಲಿ ಕೂತಿದ್ದರೂ ಊರು ತೋರಿಸುವ ತಾಣಗಳು ಮುಂಬೈ ಎಂದೋ ಬೆಂಗಳೂರು ಎಂದೋ ಹೇಳುವುದು ಇದಕ್ಕೇ.

ಆ ವಿಳಾಸವೂ ನಿಮ್ಮೊಬ್ಬರದಲ್ಲ. ಹಳೆಯ ಬಗೆಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಇರುವುದೇ ಸುಮಾರು 430 ಕೋಟಿ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಅವನ್ನು ಹಂಚುವ ಸಂಸ್ಥೆಯಾದ ಎಪಿನಿಕ್ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ದಾಸ್ತಾನಿಗೆ ಕೈ ಹಾಕಿತು. ಆಮೇಲೆ ಮೊಬೈಲ್ ಕಂಪನಿಗಳು ಒಂದೊಂದು ಹೊರ ವಿಳಾಸದ ಹಿಂದೆ ಬಹಳ ಗ್ರಾಹಕರನ್ನು ಸೇರಿಸುತ್ತಿವೆ. ಮನೆಯ ರೂಟರಿನ ವ್ಯಾನ್ ಪುಟದಲ್ಲಿ 100.64ರಿಂದ 100.127ರ ಒಳಗಿನ ವಿಳಾಸ ಕಂಡರೆ ನೀವು ಅಂಥ ಹಂಚಿಕೆಯಲ್ಲಿದ್ದೀರಿ. 2012ರಲ್ಲಿ ಆ ಸಾಲನ್ನು ಇದಕ್ಕೆಂದೇ ಮೀಸಲಿಟ್ಟರು.

ಕಂಪ್ಯೂಟರಿನಲ್ಲಿ `ipconfig` ಹೊಡೆದು ಬಂದ 192.168ರ ವಿಳಾಸವನ್ನು ಬರೆದು ಕಳಿಸುವವರೂ ಬಹಳ. ಅದು ಮನೆಯೊಳಗಿನ ವಿಳಾಸ, ಹೊರಗೆ ಅದಕ್ಕೆ ಬೆಲೆಯಿಲ್ಲ. ಹೊರಗಿನವರಿಗೆ ಕಾಣುವುದನ್ನು ಹೀಗೆ ಕೇಳಬೇಕು:

```
curl -4 ifconfig.me
curl -6 ifconfig.me
```

ಎರಡನ್ನೂ ಕೇಳಿ. ಈಗ ಮೊಬೈಲುಗಳಿಗೆ ಹೊಸ ಬಗೆಯ ಐಪಿವಿ6 ವಿಳಾಸವೂ ಸಾಮಾನ್ಯ. ಸರ್ವರಿಗೂ ಅದು ಇದ್ದರೆ ಬ್ರೌಸರು ಮೊದಲು ಆ ದಾರಿಯನ್ನೇ ಹಿಡಿಯುತ್ತದೆ. ಅನುಮತಿಯ ಪಟ್ಟಿಯಲ್ಲಿ ಬರೀ ಐಪಿವಿ4 ಬರೆದಿದ್ದರೆ, ಸರಿಯಾದ ವಿಳಾಸ ಸೇರಿಸಿದ ಮೇಲೂ ಲಾಗಿನ್ ಆಗುವುದಿಲ್ಲ.

5. ಮನೆಯ ವಿಳಾಸ ಪಟ್ಟಿಗೆ ಸೇರಿಸಬೇಡಿ, ಮನೆಯವರನ್ನು ಆಫೀಸಿನ ದಾರಿಯಿಂದ ಕಳಿಸಿ

ಪತಸಂಸ್ಥೆಯ ಕಾರ್ಯದರ್ಶಿಗಳು ಕೇಳಿದ್ದು ನೇರ ಪ್ರಶ್ನೆ: "ಆಕಿ ಮನೀ ನಂಬರ್ ಸೇರಿಸಿಬಿಡ್ರಿ, ಮುಗೀತಲ್ರಿ?" ಮುಗಿಯುವುದಿಲ್ಲ. ಇಂದು ಸೇರಿಸಿದ ವಿಳಾಸ ನಾಳೆ ಬೇರೆಯಾಗುತ್ತದೆ. ಹಾಗೆಂದು ಕಂಪನಿಯ ಇಡೀ ಸಾಲನ್ನೇ ಸೇರಿಸಿದರೆ ಆ ಕಂಪನಿಯ ಸಿಮ್ ಇದ್ದ ಅಪರಿಚಿತರಿಗೂ ಅದೇ ಬಾಗಿಲು ತೆರೆದಂತೆ. ಠೇವುದಾರರ ಹಣದ ಲೆಕ್ಕ ಇರುವ ಕಡೆ ಇದಕ್ಕೆ ನಾನು ಒಪ್ಪಲಿಲ್ಲ. ಕದ್ದ ಪಾಸ್‌ವರ್ಡ್ ಹೊರಗೆಲ್ಲೂ ನಡೆಯಬಾರದೆಂದೇ ಆ ಮಿತಿ ಹಾಕಿದ್ದು.

ನಾವು ಮಾಡಿದ್ದು ವೈರ್‌ಗಾರ್ಡ್ ಎಂಬ ವಿಪಿಎನ್. ಆಫೀಸಿನ ರೂಟರಿನಲ್ಲಿ ಅದನ್ನು ನಡೆಸಿ, ಅವಳ ಲ್ಯಾಪ್‌ಟಾಪಿಗೆ ಅವಳದೇ ಕೀಲಿ ಕೊಟ್ಟೆವು. ಅವಳ ಸಂಪರ್ಕ ಮೊದಲು ಜತ್ತದ ಆಫೀಸಿಗೆ ಬಂದು, ಅಲ್ಲಿಂದ ಆಫೀಸಿನ ವಿಳಾಸ ಹೊತ್ತು ಸರ್ವರಿಗೆ ಹೋಗುತ್ತದೆ. ಸರ್ವರ್ ಕಡೆ ಏನನ್ನೂ ಬದಲಿಸಬೇಕಾಗಿಲ್ಲ.

ಆದರೆ ಮೊದಲ ರಾತ್ರಿ ವಿಪಿಎನ್ ಜೋಡಣೆಯಾಗಿದೆ ಎಂದು ತೋರಿಸುತ್ತಿದ್ದರೂ ಖಾತೆ ತೆರೆಯಲಿಲ್ಲ. ಇಲ್ಲಿ ಬಹಳ ಜನ ವಿಪಿಎನ್ನೇ ಬೇಡವೆಂದು ಕೈಬಿಡುತ್ತಾರೆ. ಕಾರಣ ಸಣ್ಣದು. ಅವಳ ಲ್ಯಾಪ್‌ಟಾಪಿನಲ್ಲಿ `AllowedIPs` ಎಂಬ ಸಾಲಿನಲ್ಲಿ ಆಫೀಸಿನ ಒಳಜಾಲ ಮಾತ್ರ ಇತ್ತು. ಆ ಸಾಲಿನಲ್ಲಿ ಬರೆದ ವಿಳಾಸಗಳಿಗೆ ಹೋಗುವ ಸಂಚಾರ ಮಾತ್ರ ವಿಪಿಎನ್ ಹಿಡಿಯುತ್ತದೆ, ಉಳಿದದ್ದು ಮೊಬೈಲಿನ ದಾರಿಯಲ್ಲೇ ಹೋಗುತ್ತದೆ. ಲೆಕ್ಕದ ಸರ್ವರ್ ಆಫೀಸಿನೊಳಗಿಲ್ಲ, ಹೊರಗೆ ಕ್ಲೌಡಿನಲ್ಲಿದೆ. ಅದರ ವಿಳಾಸವನ್ನೂ ಸೇರಿಸಿದೆವು:

```
AllowedIPs = 192.168.50.0/24, 198.51.100.20/32
```

ಜೊತೆಗೆ, ವಿಪಿಎನ್‌ನಿಂದ ಬಂದ ಸಂಚಾರವನ್ನು ಆಫೀಸಿನ ಹೊರ ವಿಳಾಸಕ್ಕೆ ಬದಲಿಸಿ ಕಳಿಸುವ ನ್ಯಾಟ್ ನಿಯಮ ರೂಟರಿನಲ್ಲಿರಬೇಕು. ಸರಿಹೋಯಿತೇ ಎಂದು ನೋಡಲು ಲಾಗಿನ್ನೇ ಒರೆಗಲ್ಲು, ಏಕೆಂದರೆ ಮೇಲಿನ `curl` ಈಗಲೂ ಮೊಬೈಲಿನ ವಿಳಾಸವನ್ನೇ ತೋರಿಸುತ್ತದೆ. `ifconfig.me` ಆ ಸಾಲಿನಲ್ಲಿ ಇಲ್ಲವಲ್ಲ. ಸರ್ವರಿನ ವಿಳಾಸ ಆಗಾಗ ಬದಲಾಗುವಂಥದ್ದಾದರೆ ಎಲ್ಲ ಸಂಚಾರವನ್ನೂ ಆಫೀಸಿನ ಮೂಲಕವೇ ಕಳಿಸಬೇಕಾಗುತ್ತದೆ. ಆಗ `0.0.0.0/0` ಜೊತೆ `::/0` ಕೂಡ ಬರೆಯಿರಿ. ಬರೆಯದಿದ್ದರೆ ಐಪಿವಿ6 ಸಂಚಾರ ವಿಪಿಎನ್ ಹೊರಗಿಂದಲೇ ನುಸುಳಿಹೋಗುತ್ತದೆ.

ಕೆಲವರು ಆಫೀಸಿನ ಕಂಪ್ಯೂಟರಿನ ರಿಮೋಟ್ ಡೆಸ್ಕ್‌ಟಾಪನ್ನೇ, ಅಂದರೆ 3389 ಪೋರ್ಟನ್ನು, ಇಂಟರ್ನೆಟ್ಟಿಗೆ ತೆರೆದಿಡುತ್ತಾರೆ. ಅದನ್ನು ಎಂದೂ ಮಾಡಬೇಡಿ. ವಿಪಿಎನ್ ಒಳಗಿಂದ ಬಳಸಿದರೆ ಅಡ್ಡಿಯಿಲ್ಲ.

6. ಆಫೀಸಿನ ವಿಳಾಸ ನಿಜಕ್ಕೂ ಸ್ಥಿರವೇ ಎಂದು ಕೇಳಿ ತಿಳಿಯಿರಿ

ಆಫೀಸಿನಲ್ಲಿ ತಿಂಗಳುಗಟ್ಟಲೆ ನಡೆದಿದೆ ಎಂದ ಮಾತ್ರಕ್ಕೆ ಅಲ್ಲಿ ಸ್ಥಿರ ಐಪಿ ಇದೆ ಎಂದಲ್ಲ. ರೂಟರ್ ಆರದೇ ಇದ್ದಷ್ಟು ದಿನ ಹಳೆಯ ವಿಳಾಸವೇ ಉಳಿದಿರಬಹುದು. ಕರೆಂಟ್ ಹೋಗಿ ಬಂದ ಮೇಲೆ ಇಡೀ ಆಫೀಸಿಗೆ ಲಾಗಿನ್ ಆಗದಿದ್ದರೆ ಇದನ್ನೇ ಮೊದಲು ನೋಡಿ: ಈಗ `curl -4` ಕೊಡುವ ವಿಳಾಸವೂ ಅನುಮತಿ ಪಟ್ಟಿಯ ವಿಳಾಸವೂ ಒಂದೇ ಇವೆಯೇ? ಸ್ಥಿರ ಐಪಿ ಬೇಕೆಂದರೆ ನೆಟ್ ಕಂಪನಿಗೆ ಪ್ರತ್ಯೇಕವಾಗಿ ಕೇಳಿ ತೆಗೆದುಕೊಳ್ಳಬೇಕು. ವಿಪಿಎನ್ ನಡೆಯಬೇಕಾದರೂ ಆಫೀಸಿಗೆ ಹೊರಗಿನಿಂದ ತಲುಪಬಹುದಾದ ವಿಳಾಸ ಇರಲೇಬೇಕು, 100.64ರ ಸಾಲಿನಲ್ಲಿ ಕೂತ ಆಫೀಸಿಗೆ ಮನೆಯಿಂದ ನೇರವಾಗಿ ತಲುಪಲಾಗದು.

ಫೈಬರ್ ಕಡಿದಾಗ ನಡೆಯಲೆಂದು ಇಟ್ಟ ಡಾಂಗಲ್ ಇನ್ನೊಂದು ತೊಡಕು. ಅದರ ವಿಳಾಸ ಪಟ್ಟಿಯಲ್ಲಿಲ್ಲ, ಸೇರಿಸುವುದೂ ಸರಿಯಲ್ಲ. ನೆಟ್ ಬಂತು ಆದರೆ ಲಾಗಿನ್ ಬರಲಿಲ್ಲ ಎಂದರೆ ಆಫೀಸು ಡಾಂಗಲ್ ಮೇಲೆ ಓಡುತ್ತಿರಬಹುದು. ನಮ್ಮ ಪತಸಂಸ್ಥೆ ಕೊನೆಗೆ ಬೇರೆ ಕಂಪನಿಯ ಎರಡನೇ ಲೈನಿಗೂ ಸ್ಥಿರ ಐಪಿ ತೆಗೆದುಕೊಂಡು ಎರಡನ್ನೂ ಪಟ್ಟಿಗೆ ಬರೆಸಿತು, ರೂಟರ್ ಮತ್ತು ಫೈಬರ್ ಪೆಟ್ಟಿಗೆ ಎರಡಕ್ಕೂ ಒಂದು ಸಣ್ಣ ಯುಪಿಎಸ್ ಹಾಕಿಸಿತು.

7. ದೂರಿನಲ್ಲಿ ಏನು ಬರೆಯಬೇಕು

ಸಾಫ್ಟ್‌ವೇರ್ ಕಂಪನಿಗೆ ಬರೆಯುವಾಗ ಬಳಕೆದಾರರ ಹೆಸರು, ಪ್ರಯತ್ನಿಸಿದ ದಿನಾಂಕ ಮತ್ತು ನಿಮಿಷದವರೆಗಿನ ಭಾರತೀಯ ಸಮಯ, ಆಗಿನ ಹೊರ ವಿಳಾಸಗಳು ಎರಡೂ, ಪರದೆಯ ಸಂದೇಶ ಇದ್ದಂತೆಯೇ ಕೊಡಿ. ಸಮಯವಿದ್ದರೆ ಅವರು ಲಾಗಿನಲ್ಲಿ ಆ ಸಾಲನ್ನು ಹುಡುಕಿ ನಿಜವಾದ ಕಾರಣ ಹೇಳಬಲ್ಲರು. ಪಾಸ್‌ವರ್ಡ್ ಬರೆಯಬೇಡಿ, ಯಾರೇ ಕೇಳಿದರೂ. ಮತ್ತು ನೌಕರಿ ಬಿಟ್ಟು ಹೋದವರ ವಿಪಿಎನ್ ಕೀಲಿಯನ್ನು ಅದೇ ದಿನ ರೂಟರಿನಿಂದ ತೆಗೆಸಿ. ಖಾತೆ ಮುಚ್ಚಿದರಷ್ಟೇ ಸಾಲದು, ಆಫೀಸಿನ ಒಳಜಾಲ ಅವರಿಗೆ ತೆರೆದೇ ಇರುತ್ತದೆ.